ಗೋಲಿ ಚೀಲದ ಒಳಗಲ್ಲ, ಹಿಂದೆ

ಹತ್ತನೇ ತರಗತಿಗೆ ಸಂತಾನೋತ್ಪತ್ತಿ ಪಾಠ ಮಾಡಿದ ದಿನ ಹುಡುಗನೊಬ್ಬ ನನ್ನ ಕೈಗೆ ಚೀಟಿ ಕೊಟ್ಟ. ‘ನನ್ನ ತಮ್ಮನಿಗೆ ಮೂರು ವರ್ಷ. ವೃಷಣದ ಒಂದು ಕಡೆ ಊತ. ಬೆಳಿಗ್ಗೆ ಸಣ್ಣದು, ಸಂಜೆ ದೊಡ್ಡದು. ಯಾಕೆ ಸರ್?’

ಉತ್ತರಕ್ಕಾಗಿ ಒಂದು ಮಾದರಿ ಮಾಡಿದೆ. ರಟ್ಟಿನ ಪೆಟ್ಟಿಗೆ ಉದರ. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಉದರಪೊರೆ. ಪೆಟ್ಟಿಗೆಯ ತಳದ ತೂತಿನಿಂದ ಹಾಳೆಯನ್ನು ಬೆರಳಿನಷ್ಟು ಹೊರಗೆ ತಳ್ಳಿದರೆ ಅದೇ ಪ್ರೊಸೆಸಸ್ ವೆಜೈನಾಲಿಸ್. ಅದರೊಳಗೆ ಒಂದು ಗೋಲಿ ಬಿಟ್ಟೆ. ಮಾರ್ಗದರ್ಶಕ ಶಿಕ್ಷಕರು ನೋಡಿ, ‘ಚೀಲದ ಬಾಯಿ ಮುಚ್ಚಿದರೆ ವೃಷಣದ ರಕ್ತನಾಳದ ಗತಿಯೇನು?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಭ್ರೂಣದಲ್ಲಿ ವೃಷಣ ಮೂಡುವುದು ಮೂತ್ರಪಿಂಡದ ಬಳಿ, ಉದರಪೊರೆಯ ಹಿಂದೆ. ಅದು ಕೆಳಗಿಳಿಯುವುದೂ ಪೊರೆಯ ಹಿಂದೆಯೇ. ಗುಬರ್ನ್ಯಾಕ್ಯುಲಮ್ ಎಂಬ ಅಂಗಾಂಶದ ಪಟ್ಟಿ ದಾರಿ ತೋರುತ್ತದೆ, ಪೊರೆಯ ಚೀಲ ಮುಂದೆ ಸಾಗುತ್ತದೆ. ಸುಮಾರು 25ರಿಂದ 35ನೇ ವಾರದೊಳಗೆ ವೃಷಣ ತೊಡೆಸಂದಿನ ನಾಳ ದಾಟಿ ವೃಷಣಚೀಲ ಸೇರುತ್ತದೆ. ಆದ್ದರಿಂದ ಈಗ ಗೋಲಿಯನ್ನು ಚೀಲದ ಹೊರಗೆ, ಹಿಂಭಾಗಕ್ಕೆ ಅಂಟಿಸಿ, ಅದಕ್ಕೆ ಕಟ್ಟಿದ ಕೆಂಪು ದಾರವನ್ನು ಮೇಲೆ ಮೂತ್ರಪಿಂಡದ ಮಟ್ಟದಲ್ಲಿ ಸಿಕ್ಕಿಸಿದ್ದೇನೆ. ವೃಷಣದ ಅಪಧಮನಿ ಅಷ್ಟು ಎತ್ತರದಿಂದ ಹೊರಡುವುದು ಈ ಪ್ರಯಾಣದ ಗುರುತೇ.

ಇಳಿದಾದ ಮೇಲೆ ಚೀಲದ ಕುತ್ತಿಗೆ ಮುಚ್ಚಬೇಕು. ತುದಿ ಮಾತ್ರ ವೃಷಣದ ಹೊದಿಕೆಯಾಗಿ ಉಳಿಯುತ್ತದೆ. ಕುತ್ತಿಗೆ ಸಣ್ಣದಾಗಿ ತೆರೆದೇ ಉಳಿದರೆ ಹಗಲು ಓಡಾಡುವಾಗ ಉದರದ ದ್ರವ ಇಳಿಯುತ್ತದೆ, ರಾತ್ರಿ ಮಲಗಿದಾಗ ವಾಪಸಾಗುತ್ತದೆ. ಚೀಟಿಯಲ್ಲಿದ್ದ ಲಕ್ಷಣ ಇದಕ್ಕೆ ಹೊಂದುತ್ತದೆ: ಹೈಡ್ರೋಸೀಲ್. ದಾರಿ ಅಗಲವಿದ್ದರೆ ಕರುಳೇ ಇಳಿದು ಹರ್ನಿಯಾ ಆಗುತ್ತದೆ. ಟಾರ್ಚ್ ಹಿಡಿದರೆ ದ್ರವದ ಊತ ಬೆಳಗುತ್ತದೆ. ಆದರೆ ಎಳೆಯ ಮಕ್ಕಳ ಕರುಳೂ ಬೆಳಕು ಬಿಡಬಲ್ಲದು, ಹಾಗಾಗಿ ಟಾರ್ಚ್ ತೀರ್ಪಲ್ಲ. ನವಜಾತ ಶಿಶುಗಳ ಹೈಡ್ರೋಸೀಲ್ ಬಹುಪಾಲು ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಮೂರು ವರ್ಷದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಊತ ಗಟ್ಟಿಯಾಗಿ ನೋವು, ವಾಂತಿ ಇದ್ದರೆ ಆ ಕ್ಷಣವೇ. ಹುಡುಗನಿಗೆ ಹೀಗೇ ಹೇಳಿದೆ.

ಗೋಲಿ ದಾರಿಯಲ್ಲೇ ನಿಂತರೆ ಅದು ಇಳಿಯದ ವೃಷಣ. ದಿನ ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು ಮೂವರಿಗೆ ಹೀಗಿರುತ್ತದೆ. ಹಲವರಲ್ಲಿ ಮೊದಲ ತಿಂಗಳುಗಳಲ್ಲೇ ಇಳಿಯುತ್ತದೆ. ಆರು ತಿಂಗಳ ನಂತರ ಆ ಸಾಧ್ಯತೆ ತೀರಾ ಕಡಿಮೆ. ‘ದೊಡ್ಡವನಾದರೆ ಇಳಿಯುತ್ತೆ’ ಎಂದು ಕಾಯುವಷ್ಟರಲ್ಲಿ ದೇಹದ ಬಿಸಿಗೆ ವೀರ್ಯಾಣು ಕೊಡಬೇಕಾದ ಕೋಶಗಳು ಕುಗ್ಗುತ್ತವೆ, ಮುಂದೆ ಕ್ಯಾನ್ಸರಿನ ಸಂಭವವೂ ಹೆಚ್ಚು. ಆದ್ದರಿಂದ ಶಸ್ತ್ರಚಿಕಿತ್ಸೆ 6ರಿಂದ 18 ತಿಂಗಳೊಳಗೆ. ಚಳಿಗೆ ಮೇಲೇರಿ, ಬಿಸಿನೀರಿನ ಸ್ನಾನದಲ್ಲಿ ಇಳಿಯುವ ವೃಷಣ ಬೇರೆಯೇ. ಅದನ್ನು ಇದರೊಂದಿಗೆ ಬೆರೆಸಬಾರದು.

ಇಂಥ ಮಕ್ಕಳ ಹೈಡ್ರೋಸೀಲ್‌ಗೆ ನೀರು ತೆಗೆದರೆ ಸಾಲದು, ಮತ್ತೆ ತುಂಬುತ್ತದೆ; ಶಸ್ತ್ರವೈದ್ಯರು ಚೀಲದ ಕುತ್ತಿಗೆಯನ್ನೇ ಕಟ್ಟುತ್ತಾರೆ. ಮಾದರಿಯಲ್ಲಿ ವಿದ್ಯಾರ್ಥಿಗಳಿಂದಲೇ ಆ ಗಂಟು ಹಾಕಿಸುತ್ತೇನೆ. ಕೆಂಪು ದಾರ ಗಂಟಿನೊಳಗೆ ಸಿಕ್ಕಿದರೆ ಬಿಚ್ಚಿ ಮತ್ತೆ ಹಾಕಬೇಕು.