ವರದಿ ಸಂಖ್ಯೆ 907 ಯಾರದು?

2021ರ ಜನವರಿಯಲ್ಲಿ ಬ್ರಿಟನ್ನಿನ ಪೆನ್ ಟೆಸ್ಟ್ ಪಾರ್ಟ್ನರ್ಸ್ ಸಂಸ್ಥೆಯ ಪರೀಕ್ಷಕರೊಬ್ಬರು ಅಮೆರಿಕದ ಪೆಲೊಟಾನ್ ಕಂಪನಿಗೆ ಒಂದು ದೋಷವನ್ನು ತಿಳಿಸಿದರು. ಮನೆಯಲ್ಲೇ ತುಳಿಯುವ, ಇಂಟರ್ನೆಟ್ಟಿಗೆ ಜೋಡಿಸಿದ ವ್ಯಾಯಾಮದ ಸೈಕಲ್ಲುಗಳನ್ನು ಮಾರುವ ಕಂಪನಿ ಅದು. ಗ್ರಾಹಕರು ತಮ್ಮ ಪ್ರೊಫೈಲನ್ನು ಖಾಸಗಿ ಎಂದು ಗುರುತು ಹಾಕಿದ್ದರೂ, ಕಂಪನಿಯ ಸರ್ವರನ್ನು ನೇರವಾಗಿ ಕೇಳಿದರೆ ಅವರ ವಯಸ್ಸು, ತೂಕ, ಊರು, ವ್ಯಾಯಾಮದ ಲೆಕ್ಕ ಎಲ್ಲವೂ ಸಿಗುತ್ತಿದ್ದವು. ಲಾಗಿನ್ ಕೂಡ ಬೇಕಿರಲಿಲ್ಲ.

ಕೆಲ ದಿನಗಳಲ್ಲಿ ಕಂಪನಿ ಸದ್ದಿಲ್ಲದೆ ಒಂದು ತಿದ್ದುಪಡಿ ಮಾಡಿತು: ಇನ್ನು ಮುಂದೆ ಲಾಗಿನ್ ಆದವರಿಗೆ ಮಾತ್ರ ಉತ್ತರ. ಆದರೆ ಸದಸ್ಯತ್ವವನ್ನು ಯಾರು ಬೇಕಾದರೂ ಪಡೆಯಬಹುದಿತ್ತು. ಹಾಗೆ ಪಡೆದವರು ಉಳಿದೆಲ್ಲರ ಖಾಸಗಿ ವಿವರವನ್ನು ಮೊದಲಿನಂತೆಯೇ ನೋಡಬಹುದಿತ್ತು. ವಿಷಯ ಪತ್ರಿಕೆಯವರ ಕಿವಿಗೆ ಬಿದ್ದ ಮೇಲೆ, ಮೇ ತಿಂಗಳ ಹೊತ್ತಿಗೆ, ಉಳಿದದ್ದೂ ಸರಿಹೋಯಿತು.

ಆ ಅರೆಬರೆ ತಿದ್ದುಪಡಿಯಲ್ಲೇ ಈ ದೋಷದ ಗುಟ್ಟಿದೆ. ‘ನೀನು ಯಾರು’ ಎಂದು ಕೇಳುವುದು ಒಂದು ಕೆಲಸ, ‘ನೀನು ಕೇಳುತ್ತಿರುವ ವಸ್ತು ನಿನ್ನದೇ’ ಎಂದು ನೋಡುವುದು ಇನ್ನೊಂದು. ಬ್ಯಾಂಕಿನ ಲಾಕರ್ ಕೋಣೆಗೆ ಸಹಿ ಹಾಕಿಸಿಕೊಂಡೇ ಒಳಗೆ ಬಿಡುತ್ತಾರೆ ಎನ್ನೋಣ. ಒಳಗೆ ಹೋದವರು ‘43’ ಎಂದರೆ 43ನ್ನು, ‘44’ ಎಂದರೆ 44ನ್ನು ಸಿಬ್ಬಂದಿ ತೆರೆದುಕೊಟ್ಟರೆ ಬಾಗಿಲಲ್ಲಿ ಪಡೆದ ಸಹಿಯಿಂದ ಬಂದ ಲಾಭವೇನು? ಆ್ಯಪ್‌ಗಳು ಸರ್ವರಿನೊಂದಿಗೆ ಮಾತಾಡುವ ದಾರಿಯಾದ ಎಪಿಐಗಳಲ್ಲಿ ಇದಕ್ಕೆ ‘ಬ್ರೋಕನ್ ಆಬ್ಜೆಕ್ಟ್ ಲೆವೆಲ್ ಆಥರೈಸೇಶನ್’, ಚುಟುಕಾಗಿ ಬೋಲಾ, ಎಂದು ಹೆಸರು. ಎಪಿಐ ಅಪಾಯಗಳ ಬಗ್ಗೆ ಓವಾಸ್ಪ್ ಸಂಸ್ಥೆ 2019ರಲ್ಲಿ ಹೊರತಂದ ಪಟ್ಟಿಯಲ್ಲೂ 2023ರ ಪಟ್ಟಿಯಲ್ಲೂ ಇದಕ್ಕೇ ಮೊದಲ ಸ್ಥಾನ.

ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದಕ್ಕೆ ರಕ್ತಪರೀಕ್ಷೆಯ ವರದಿ ತೋರಿಸುವ ಒಂದು ಕಲ್ಪಿತ ಲ್ಯಾಬ್ ಆ್ಯಪನ್ನು ತೆಗೆದುಕೊಳ್ಳಬಹುದು. ಪರೀಕ್ಷಕರು ಮೊದಲು ಎರಡು ಖಾತೆ ತೆರೆಯುತ್ತಾರೆ. ಒಂದು ‘ಶಾರದಾ’, ರೋಗಿ ಸಂಖ್ಯೆ 41. ಇನ್ನೊಂದು ‘ಮಹೇಶ’, ರೋಗಿ ಸಂಖ್ಯೆ 58. ಎರಡೂ ಅವರವೇ ಆದ್ದರಿಂದ ನಿಜವಾದ ಯಾವ ರೋಗಿಯ ಮಾಹಿತಿಗೂ ಕೈ ಹಾಕಬೇಕಾಗಿಲ್ಲ. ಎರಡರಲ್ಲೂ ಒಂದೊಂದು ವರದಿ ಸೇರಿಸುತ್ತಾರೆ: ಶಾರದೆಯದು 906, ಮಹೇಶನದು 907. ಬಳಿಕ ಬರ್ಪ್ ಸೂಟ್ ಅಥವಾ ಝ್ಯಾಪ್‌ನಂಥ ಪ್ರಾಕ್ಸಿ ತಂತ್ರಾಂಶವನ್ನು ನಡುವೆ ಇಟ್ಟು, ಆ್ಯಪಿನ ಪ್ರತಿ ಗುಂಡಿಯನ್ನೂ ಒತ್ತುತ್ತ ಸರ್ವರಿಗೆ ಹೋಗುವ ಪ್ರತಿ ಕೋರಿಕೆಯನ್ನೂ ಹಿಡಿದಿಡುತ್ತಾರೆ. ಯಾವ ಕೋರಿಕೆಯಲ್ಲಿ ಯಾವ ವಸ್ತುವಿನ ಸಂಖ್ಯೆ ಇದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಅದು ವಿಳಾಸದಲ್ಲೇ ಇರಬಹುದು, ಕಳಿಸುವ ಫಾರಂನ ಒಳಗೂ ಅಡಗಿರಬಹುದು.

ಇಷ್ಟಾದ ಮೇಲೆ ಶಾರದೆಯ ಟೋಕನ್ ಹಿಡಿದು ಮಹೇಶನ ವರದಿ ಕೇಳುವುದು:

```
GET /api/reports/907
Authorization: Bearer TOKEN_SHARADA
```

ಇದಕ್ಕೂ ಮುಂಚೆ ಮಾಡಲೇಬೇಕಾದ, ಹೊಸಬರು ಸಾಮಾನ್ಯವಾಗಿ ಮರೆಯುವ ಒಂದು ಹೆಜ್ಜೆಯಿದೆ. ಇದೇ ಕೋರಿಕೆಯನ್ನು ಮಹೇಶನ ಟೋಕನ್ನಿನಲ್ಲಿ ಕಳಿಸಿ ವರದಿ ನಿಜಕ್ಕೂ ಬರುತ್ತದೆಯೇ ಎಂದು ನೋಡಬೇಕು. 907ರ ಬದಲು 970 ಎಂದು ಬರೆದುಕೊಂಡಿದ್ದರೆ ಶಾರದೆಗೆ ಬರುವ 404 ಉತ್ತರವನ್ನು ರಕ್ಷಣೆ ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ. ಅಲ್ಲಿ ಬಾಗಿಲು ಹಾಕಿರಲಿಲ್ಲ, ಕೋಣೆಯೇ ಇರಲಿಲ್ಲ.

ಉತ್ತರದ ಸಂಖ್ಯೆಯನ್ನಷ್ಟೇ ನೋಡಿ ತೀರ್ಮಾನಕ್ಕೆ ಬರುವಂತೆಯೂ ಇಲ್ಲ. 200 ಎಂದರೆ ಸರ್ವರ್ ಸರಿಯಾಗಿ ಉತ್ತರಿಸಿದೆ ಎಂದರ್ಥ, ಆದರೆ ಒಳಗೆ ಶಾರದೆಯದೇ ವರದಿ ಇರಬಹುದು, ಖಾಲಿಯೂ ಇರಬಹುದು. 403 ಎಂದರೆ ನಿರಾಕರಣೆ. ಆದರೂ ಬದಲಾಯಿಸುವ ಅಥವಾ ಅಳಿಸುವ ಕೋರಿಕೆಗಳಲ್ಲಿ ಮೊದಲು ಕೆಲಸ ಮುಗಿಸಿ ಆಮೇಲೆ ನಿರಾಕರಿಸುವ ಸರ್ವರುಗಳಿವೆ. ಹಾಗಾಗಿ ಪ್ರತಿ ಬಾರಿಯೂ ಮಹೇಶನ ಖಾತೆಗೆ ಮರಳಿ ಹೋಗಿ ವರದಿ ಇದ್ದ ಹಾಗೇ ಇದೆಯೇ ಎಂದು ಕಣ್ಣಾರೆ ನೋಡಬೇಕು. ಓದುವ GET, ತಿದ್ದುವ PUT ಮತ್ತು PATCH, ಅಳಿಸುವ DELETE, ಇವನ್ನೆಲ್ಲ ಒಂದೊಂದಾಗಿ ಪರೀಕ್ಷಿಸಬೇಕು. ಓದಲು ಬಿಗಿ ಕಾವಲಿಟ್ಟು ಅಳಿಸುವ ದಾರಿಯನ್ನು ಮರೆತದ್ದು, ಪರದೆಯ ಮೇಲೆ ವರದಿ ತೋರಿಸದಿದ್ದರೂ ಅದರ ಪಿಡಿಎಫ್ ಇಳಿಸಿಕೊಳ್ಳಲು ಬಿಟ್ಟದ್ದು, ಹೀಗೆ ಒಂದೇ ವಸ್ತುವಿನ ನಾಲ್ಕು ದಾರಿಗಳಲ್ಲಿ ಒಂದು ತೆರೆದಿರುವುದೇ ಹೆಚ್ಚು.

ಎರಡು ಸಂಖ್ಯೆಗಳಿರುವ ವಿಳಾಸಗಳನ್ನು ಇನ್ನೂ ನಿಧಾನವಾಗಿ ನೋಡಬೇಕು:

```
GET /api/patients/41/reports/907
```

ಕೇಳುತ್ತಿರುವವಳು ಶಾರದೆ, ಸಂಖ್ಯೆ 41 ಅವಳದೇ. ಸರ್ವರ್ ಅದನ್ನು ನೋಡಿ ತೃಪ್ತಿಪಟ್ಟು, 907 ಎಂಬ ವರದಿ 41ನೇ ರೋಗಿಗೆ ಸೇರಿದ್ದೇ ಎಂದು ನೋಡುವ ಗೋಜಿಗೆ ಹೋಗದಿದ್ದರೆ ಮಹೇಶನ ವರದಿ ಅವಳ ಕೈಸೇರುತ್ತದೆ. ಕೋಡ್ ಓದುವವರಿಗೆ ಇಲ್ಲಿ ತಪಾಸಣೆ ಇದ್ದಂತೆಯೇ ಕಾಣುತ್ತದೆ, ನಿಜಕ್ಕೂ ಇದೆ. ಅರ್ಧ ಮಾತ್ರ. ತಾನೇತಾನಾಗಿ ಓಡುವ ಸ್ಕ್ಯಾನರುಗಳಿಗೂ ಇದು ಸಿಕ್ಕುವುದು ಕಷ್ಟ, ಏಕೆಂದರೆ ಬಂದ ಉತ್ತರದಲ್ಲಿ ತಾಂತ್ರಿಕ ದೋಷ ಯಾವುದೂ ಇಲ್ಲ. 907 ಮಹೇಶನದು ಎಂಬುದು ಖಾತೆ ತೆರೆದವರಿಗೆ ಗೊತ್ತು, ಸ್ಕ್ಯಾನರಿಗೆ ಗೊತ್ತಿಲ್ಲ.

906, 907 ಎಂಬ ಸುಲಭ ಸಂಖ್ಯೆಗಳ ಬದಲು ಊಹಿಸಲಾಗದ ಉದ್ದನೆಯ ಗುರುತು, ಅಂದರೆ ಯುಯುಐಡಿ, ಕೊಟ್ಟರಾಯಿತಲ್ಲ ಎಂದು ಹೇಳುವವರಿದ್ದಾರೆ. 2019ರಲ್ಲಿ ಭಾರತೀಯ ಸಂಶೋಧಕ ಆನಂದ್ ಪ್ರಕಾಶ್ ಊಬರ್‌ನಲ್ಲಿ ಕಂಡುಹಿಡಿದ ದೋಷ ಇದಕ್ಕೆ ಉತ್ತರ. ಅಲ್ಲಿ ಇದ್ದದ್ದು ಯುಯುಐಡಿಯೇ. ಆದರೆ ಒಂದು ಕೋರಿಕೆಯಲ್ಲಿ ಯಾರದಾದರೂ ಫೋನ್ ನಂಬರೋ ಇಮೇಲೋ ಕೊಟ್ಟರೆ ಅವರ ಯುಯುಐಡಿಯನ್ನು ಸರ್ವರೇ ತಿಳಿಸುತ್ತಿತ್ತು. ಇನ್ನೊಂದು ಕೋರಿಕೆಯಲ್ಲಿ ಆ ಯುಯುಐಡಿ ಹಾಕಿದರೆ ಅವರ ಖಾತೆಯ ಟೋಕನ್ನೇ ಹೊರಬರುತ್ತಿತ್ತು. ಊಬರ್ ದೋಷವನ್ನು ಸರಿಪಡಿಸಿ ಅವರಿಗೆ 6,500 ಡಾಲರ್ ಬಹುಮಾನ ಕೊಟ್ಟಿತು. ಉದ್ದನೆಯ ಗುರುತು ಹುಡುಕುವವರ ಕೆಲಸವನ್ನು ತಡಮಾಡುತ್ತದೆಯೇ ಹೊರತು ಹಕ್ಕನ್ನು ತಪಾಸಣೆ ಮಾಡುವುದಿಲ್ಲ.

ದುರಸ್ತಿ ಆಗಬೇಕಾದದ್ದು ಡೇಟಾಬೇಸನ್ನು ಕೇಳುವ ಪ್ರಶ್ನೆಯಲ್ಲೇ. ವರದಿಯ ಸಂಖ್ಯೆಯ ಜೊತೆಗೆ ಅದರ ಒಡೆಯರನ್ನೂ ಸೇರಿಸಿ ಕೇಳಬೇಕು:

```
SELECT * FROM reports
WHERE id = :report_id
  AND patient_id = :session_patient;
```

ಎರಡನೆಯ ಬೆಲೆ ಲಾಗಿನ್ ಆದವರ ಟೋಕನ್ನಿನಿಂದ ಬರಬೇಕು, ಅವರು ಕಳಿಸಿದ ವಿಳಾಸದಿಂದಲ್ಲ. ಆಗ ಶಾರದೆ 907 ಎಂದು ಎಷ್ಟು ಸಲ ಕೇಳಿದರೂ ಡೇಟಾಬೇಸಿನಲ್ಲಿ ಅಂಥ ಸಾಲೇ ಸಿಗುವುದಿಲ್ಲ. ಶಾರದಾ–ಮಹೇಶರ ಪರೀಕ್ಷೆಯನ್ನು ಕೋಡಿನ ಜೊತೆಗೇ ಬರೆದಿಟ್ಟು ಪ್ರತಿ ಹೊಸ ಆವೃತ್ತಿಗೂ ಓಡಿಸುವ ತಂಡಗಳಿವೆ. ಮುಂದೆ ಯಾರೋ ಹೊಸ ದಾರಿಯೊಂದನ್ನು ಸೇರಿಸುವಾಗ ಮರೆತರೂ ಅಲ್ಲೇ ಸಿಕ್ಕಿಬೀಳುತ್ತದೆ.

ಬೇರೆಯವರ ಆ್ಯಪಿನ ಮೇಲೆ ಇದನ್ನು ಮಾಡಲು ಮಾಲೀಕರ ಲಿಖಿತ ಒಪ್ಪಿಗೆ ಇರಬೇಕು. ಅನುಮತಿಯಿಲ್ಲದೆ ಪರರ ಕಂಪ್ಯೂಟರ್ ವ್ಯವಸ್ಥೆಗೆ ಕೈ ಹಾಕಿದವರಿಂದ ಪರಿಹಾರ ಕಟ್ಟಿಸಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಇದೆ. ಅಪ್ರಾಮಾಣಿಕ ಉದ್ದೇಶವೂ ಸೇರಿದರೆ 66ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು.

ಎರಡು ಖಾತೆಗಳಿಗೆ ನಿಲುಕದ ಪ್ರಶ್ನೆಗಳೂ ಇವೆ. ಮಹೇಶನ ವರದಿಯನ್ನು ಅವನ ವೈದ್ಯರು ನೋಡಬೇಕು, ಆದರೆ ಚಿಕಿತ್ಸೆ ಮುಗಿದು ಎರಡು ವರ್ಷವಾದ ಮೇಲೂ ನೋಡಬಹುದೇ? ಲ್ಯಾಬಿನ ಕೌಂಟರಿನಲ್ಲಿ ಕೂತವರು ಬಿಲ್ಲಿನ ಜೊತೆಗೆ ಫಲಿತಾಂಶವನ್ನೂ ತೆರೆಯಬಹುದೇ? ತಾಯಿಯ ಖಾತೆಯಲ್ಲಿದ್ದ ಮಗಳಿಗೆ ಹದಿನೆಂಟು ತುಂಬಿದ ದಿನ ಏನಾಗಬೇಕು? ಇದಕ್ಕೆ ಪರೀಕ್ಷಕರು ಲ್ಯಾಬಿನವರ ಎದುರು ಕೂತು, ಯಾರು ಯಾವುದನ್ನು ನೋಡಬಹುದು ಎಂಬ ಕೋಷ್ಟಕವನ್ನು ಮೊದಲು ಬರೆಸಿಕೊಳ್ಳುತ್ತಾರೆ. ಆಮೇಲೆ ವೈದ್ಯರಿಗೊಂದು, ಕೌಂಟರಿಗೊಂದು, ತಾಯಿಗೊಂದು ಖಾತೆ ತೆರೆದು ಅದೇ 907ನ್ನು ಮತ್ತೆ ಕೇಳಿ ನೋಡುತ್ತಾರೆ.