ಟ್ರೈಗ್ಲಿಸರೈಡ್: ಸರಾಸರಿಯೋ, ನಡುವಿನ ಸಂಖ್ಯೆಯೋ?



ರಕ್ತದ ಕೊಬ್ಬಿನ ವರದಿಯಲ್ಲಿ ಟ್ರೈಗ್ಲಿಸರೈಡ್ ಎಂಬ ಒಂದು ಸಾಲು ಇರುತ್ತದೆ. ನಮ್ಮ ಊರಿನ ಲ್ಯಾಬ್ 150 ಎಂದು ಬರೆಯುವುದನ್ನು ನ್ಯೂಜಿಲೆಂಡಿನ ಲ್ಯಾಬ್ 1.7 ಎಂದು ಬರೆಯುತ್ತದೆ. ಅಳತೆಯ ಮಾನ ಬೇರೆ, ಅಷ್ಟೇ. ಖಾಲಿ ಹೊಟ್ಟೆಯಲ್ಲಿ 1.7ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು.

ಏಳು ಜನರ ಫಲಿತಾಂಶ ಹೀಗಿದೆ ಎಂದುಕೊಳ್ಳಿ. ಇವು ಉದಾಹರಣೆಗೆ ನಾನೇ ಹಾಕಿದ ಅಂಕಿಗಳು:

0.9, 1.1, 1.2, 1.4, 1.6, 1.8, 9.5

ಎಲ್ಲವನ್ನೂ ಕೂಡಿದರೆ 17.5. ಏಳರಿಂದ ಭಾಗಿಸಿದರೆ ಸರಾಸರಿ 2.5. ಆದರೆ ಏಳರಲ್ಲಿ ಆರು ಜನ 1.8 ಅಥವಾ ಅದಕ್ಕಿಂತ ಕೆಳಗಿದ್ದಾರೆ. ಕೊನೆಯ ಒಬ್ಬರೇ ಸರಾಸರಿಯನ್ನು ಮೇಲಕ್ಕೆ ಎಳೆದಿದ್ದಾರೆ. ನಿಮ್ಮದು 2.2 ಬಂದಿದ್ದರೆ, "ಸರಾಸರಿಗಿಂತ ಕಡಿಮೆಯೇ ಇದೆಯಲ್ಲ" ಎಂದು ಸುಮ್ಮನಾಗಿಬಿಡಬಹುದು. ನಿಜಕ್ಕೂ ಅದು ಹೆಚ್ಚೇ.

ಅದೇ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಡುವೆ ನಿಂತದ್ದನ್ನು ನೋಡಿ: 1.4. ಆಚೆ ಮೂವರು, ಈಚೆ ಮೂವರು. ಇದೇ ಮಧ್ಯಾಂಕ. 9.5ರ ಜಾಗದಲ್ಲಿ 19 ಇದ್ದರೂ ಮಧ್ಯಾಂಕ ಅಲುಗುವುದಿಲ್ಲ.

ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವುದು ಮಾನಕ ವಿಚಲನೆ. ಇಲ್ಲಿ ಅದು ಸುಮಾರು 3.1. ಸರಾಸರಿಯಿಂದ ಅದನ್ನು ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ! ಯಾರ ರಕ್ತದಲ್ಲೂ ಸೊನ್ನೆಗಿಂತ ಕಡಿಮೆ ಕೊಬ್ಬು ಇರಲು ಸಾಧ್ಯವಿಲ್ಲ. ಹೀಗಾದರೆ ಅಂಕಿಗಳು ಒಂದೇ ಕಡೆಗೆ ವಾಲಿವೆ ಎಂದು ತಿಳಿಯಿರಿ. ಆಗ ಮಧ್ಯಾಂಕವನ್ನೂ, ನಡುವಿನ ಅರ್ಧದಷ್ಟು ಜನ ಎಲ್ಲಿಂದ ಎಲ್ಲಿಯವರೆಗೆ ಇದ್ದಾರೆ ಎಂಬುದನ್ನೂ ಹೇಳುವುದು ಸರಿ. ಇಲ್ಲಿ ಅದು 1.1ರಿಂದ 1.8.

ಟ್ರೈಗ್ಲಿಸರೈಡ್ ಹೀಗೇಕೆ ವಾಲುತ್ತದೆ? ಕೆಳಗೆ ಸೊನ್ನೆಯ ಗೋಡೆ ಇದೆ, ಮೇಲೆ ತಡೆಯಿಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮದ್ಯ, ಥೈರಾಯ್ಡ್ ಕೊರತೆ, ವಂಶದ ಗುಣ, ಇವು ಕೆಲವರಲ್ಲಿ ಅದನ್ನು ಹಲವು ಪಟ್ಟು ಏರಿಸುತ್ತವೆ. ದೊಡ್ಡವರ ಎತ್ತರ ಹಾಗಲ್ಲ. ಗಂಡಸರನ್ನೂ ಹೆಂಗಸರನ್ನೂ ಬೇರೆಬೇರೆಯಾಗಿ ಅಳೆದರೆ, ಕುಳ್ಳಗಿನವರು ಉದ್ದಗಿನವರು ಎರಡೂ ಬದಿಗೆ ಹೆಚ್ಚುಕಡಿಮೆ ಸಮನಾಗಿ ಹರಡಿರುತ್ತಾರೆ. ಅಲ್ಲಿ ಸರಾಸರಿ, ಮಾನಕ ವಿಚಲನೆ ಎರಡನ್ನೂ ನಂಬಬಹುದು.

ಮಧ್ಯಾಂಕಕ್ಕೂ ಒಂದು ಮಿತಿ ಇದೆ. ಅದು ಗುಂಪಿನ ಮಾತು ಹೇಳುತ್ತದೆ, ಆ 9.5ರವರನ್ನು ಮರೆಸಿಬಿಡುತ್ತದೆ. ಆದರೆ ವೈದ್ಯರು ಮೊದಲು ನೋಡಬೇಕಾದದ್ದು ಅವರನ್ನೇ. 10 ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಅಪಾಯವಾಗಬಹುದು. ಹಾಗಾಗಿ ನಿಮ್ಮ ಅಂಕಿಯನ್ನು ಪಕ್ಕದವರ ಸರಾಸರಿಯ ಜೊತೆ ಹೋಲಿಸಬೇಡಿ, 1.7ರ ಗೆರೆಯ ಜೊತೆ ಹೋಲಿಸಿ. ಊಟ ಮಾಡಿ ಬಂದು ರಕ್ತ ಕೊಟ್ಟಿದ್ದರೆ ಅದನ್ನೂ ತಿಳಿಸಿ. ಊಟದ ನಂತರ ಈ ಅಂಕಿ ಏರುತ್ತದೆ.