ಎರಡು ಸುತ್ತಿನ ಎನ್‌ಕೋಡಿಂಗ್ ಯಾವಾಗ ಬೇಕು?

90 ನಿಮಿಷದ ಯಕ್ಷಗಾನದ ವಿಡಿಯೊ 1 ಜಿಬಿಯೊಳಗೆ ಕೂರಬೇಕು ಎಂದುಕೊಳ್ಳಿ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1480 ಕಿಲೋಬಿಟ್ ಸಿಗುತ್ತದೆ. ಧ್ವನಿಗೆ 128 ಕಳೆದರೆ ಚಿತ್ರಕ್ಕೆ ಉಳಿಯುವುದು ಹತ್ತಿರಹತ್ತಿರ 1350.

ಇದನ್ನು ಎಲ್ಲ ಕಡೆಗೂ ಸಮನಾಗಿ ಹಂಚಿದರೆ ನಷ್ಟ. ಭಾಗವತರು ಕುಳಿತು ಹಾಡುವ ದೃಶ್ಯಕ್ಕೆ ಅಷ್ಟು ಬೇಕಿಲ್ಲ. ವೇಷಧಾರಿ ಗಿರಕಿ ಹೊಡೆಯುವಾಗ ಅದು ಸಾಲದೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಹಾಗಾಗಿ ಎನ್‌ಕೋಡರ್ ಮೊದಲ ಸುತ್ತಿನಲ್ಲಿ ಇಡೀ ವಿಡಿಯೊ ನೋಡಿ, ಯಾವ ಫ್ರೇಮ್ ಎಷ್ಟು ಕಷ್ಟದ್ದು ಎಂದು ಒಂದು ಕಡತದಲ್ಲಿ ಬರೆದಿಡುತ್ತದೆ. ಎರಡನೆಯ ಸುತ್ತಿನಲ್ಲಿ ಅದರಂತೆ ಬಿಟ್ ಹಂಚುತ್ತದೆ. ಗಾತ್ರವೂ ಗುರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ.

ಗಾತ್ರದ ಮಿತಿಯೇ ಇಲ್ಲದಿದ್ದರೆ ಈ ಹೆಚ್ಚುವರಿ ಸಮಯ ದಂಡ. `x264` ಬಳಸುವವರು `--crf 20` ಎಂದು ಗುಣಮಟ್ಟವನ್ನೇ ನಿಗದಿ ಮಾಡಿದರೆ ಒಂದು ಸುತ್ತು ಸಾಕು. ನೇರಪ್ರಸಾರದಲ್ಲಂತೂ ಎರಡನೆಯ ಸುತ್ತಿಗೆ ದಾರಿಯೇ ಇಲ್ಲ: ಮುಂದಿನ ದೃಶ್ಯ ಇನ್ನೂ ನಡೆದಿರುವುದಿಲ್ಲ.